ಗುಂಡಿಯಲ್ಲಿ 14 ಲೋಡ್, ಟ್ರೇಲರ್‌ನಲ್ಲಿ 18

ಪಾಯದ ಗುಂಡಿಯ ಮಣ್ಣು ಸಾಗಿಸಿದ ಟ್ರ್ಯಾಕ್ಟರ್‌ನವನು ಕೊಟ್ಟ ಚೀಟಿಯಲ್ಲಿ ಲೋಡಿಗೊಂದರಂತೆ 18 ಗೀಟು ಇದ್ದವು. ನಾನು ಮನೆ ಯಜಮಾನರಿಗೆ ಹೇಳಿದ್ದು 14 ಲೋಡ್. ನಡುವಿನ ಆ 4 ಲೋಡಿಗೆ ಅವತ್ತು ಸಂಜೆ ಸೈಟಲ್ಲಿ ನಡೆದ ರಾಮಾಯಣ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೈಸೂರಿನ ಬೋಗಾದಿ ಕಡೆ ಒಂದು ಹೊಸ ಬಡಾವಣೆ. 40-60 ಸೈಟು. ಕಾಲಂ ಇಲ್ಲ, ಸೈಜುಗಲ್ಲಿನ ಪಾಯ. ಮೇಲೆ ಕೆಂಪು ಮಣ್ಣು, ಕೆಳಗೆ ಹೋಗುತ್ತಾ ಗ್ರಾವೆಲ್ ಮಣ್ಣು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಮರಳು ಇಳಿಸಬೇಕಿತ್ತು, ಪಕ್ಕದ ಸೈಟಿನವರು ಒಂದು ಬಾಂಡ್ಲಿ ಮಣ್ಣೂ ತಮ್ಮ ಕಡೆ ಬೀಳಬಾರದು ಅಂದಿದ್ದರು. ತೋಡಿದ ಮಣ್ಣನ್ನು ಗುಂಡಿಯ ಅಂಚಿಗೇ ಸುರಿಯುವಂತೆಯೂ ಇಲ್ಲ, ಭಾರಕ್ಕೆ ಅಂಚು ಕುಸಿಯುತ್ತದೆ. ಯಜಮಾನರದೇ ಇನ್ನೊಂದು ಖಾಲಿ ಸೈಟು ಎರಡು ರಸ್ತೆ ಆಚೆ ಇತ್ತು. ಎಲ್ಲ ಮಣ್ಣನ್ನೂ ಅಲ್ಲಿಗೆ ಹಾಕಿಸಿ, ಆಮೇಲೆ ಫಿಲ್ಲಿಂಗ್‌ಗೆ ವಾಪಸ್ ತರೋದು ಅಂತ ಆಯಿತು. ಟ್ರ್ಯಾಕ್ಟರ್ ಬಾಡಿಗೆ ಲೋಡಿನ ಲೆಕ್ಕ.

ಲೆಕ್ಕ ಹಾಕುವ ಮುಂಚೆ ನಮ್ಮ ಆಫೀಸಿನ ಎಕ್ಸೆಲ್ ಶೀಟಿನ ಬಗ್ಗೆ ಒಂದು ಮಾತು. ಯಾರು ಯಾವ ಕಾಲದಲ್ಲಿ ಮಾಡಿದ್ದೋ ಗೊತ್ತಿಲ್ಲ, ಅದರಲ್ಲಿ ಪ್ರತಿ ಗೋಡೆಗೂ ಹೊರಗಿನಿಂದ ಹೊರಗಿನ ಉದ್ದ ಹಾಕುವ ಪದ್ಧತಿ. ನಮ್ಮ ಪಾಯ ಸೆಂಟರ್ ಲೈನಿನಲ್ಲಿ, ಅಂದರೆ ಗೋಡೆಗಳ ನಡುಗೆರೆಯಿಂದ ನಡುಗೆರೆಗೆ ಅಳೆದರೆ, 24 ಅಡಿಗೆ 36 ಅಡಿ, ನಡುವೆ ಒಂದು 24 ಅಡಿ ಅಡ್ಡಗೋಡೆ. ಗುಂಡಿ 3 ಅಡಿ ಅಗಲ, 4 ಅಡಿ ಆಳ. ಶೀಟಿನ ಪ್ರಕಾರ ಉದ್ದದ ಗೋಡೆ 39 ಅಡಿಯವು ಎರಡು, ಅಗಲದವು 27 ಅಡಿಯವು ಮೂರು, ಒಟ್ಟು 159 ಅಡಿ. ಅದಕ್ಕೆ 3 ಮತ್ತು 4 ಗುಣಿಸಿದರೆ 1908 ಸಿಎಫ್‌ಟಿ, ಅಂದರೆ ಘನ ಅಡಿ.

ಇದು ತಪ್ಪು. ಮೂಲೆಯ ಮಣ್ಣು ಉದ್ದದ ಗೋಡೆಯಲ್ಲೂ ಲೆಕ್ಕಕ್ಕೆ ಬಂತು, ಅಗಲದ ಗೋಡೆಯಲ್ಲೂ ಬಂತು. ಒಂದೇ ಮೂಲೆಯನ್ನು ಜೆಸಿಬಿ ಎರಡು ಸಲ ತೋಡುವುದಿಲ್ಲ ಅಲ್ವಾ? ಸೆಂಟರ್ ಲೈನಿನಲ್ಲಿ ಹೋದರೆ ಸುತ್ತಳತೆ 120 ಅಡಿ, ಮೂಲೆಗಳು ತಾವಾಗಿಯೇ ಸರಿಹೋಗುತ್ತವೆ. ಅಡ್ಡಗೋಡೆ 24 ಸೇರಿಸಿದರೆ 144. ಆದರೆ ಅಡ್ಡಗೋಡೆಯ ಗುಂಡಿ ಎರಡು ತುದಿಯಲ್ಲೂ ಹೊರಗೋಡೆಯ ಗುಂಡಿಯೊಳಗೆ ಅರ್ಧ ಅಗಲ ನುಗ್ಗಿರುತ್ತದೆ. ಹಾಗಾಗಿ ಪ್ರತಿ ಕೂಡಿಕೆಗೆ ಒಂದೂವರೆ ಅಡಿ ಕಳೆಯಬೇಕು. ಎರಡು ಕೂಡಿಕೆಗೆ 3 ಅಡಿ ಹೋಗಿ 141 ಅಡಿ ಉಳಿಯಿತು.

141 × 3 × 4 = 1692 ಸಿಎಫ್‌ಟಿ

216 ಸಿಎಫ್‌ಟಿ ಉಳಿಸಿದೆ ಅಂತ ನನಗೆ ಒಳಗೊಳಗೇ ಹೆಮ್ಮೆ. ಟ್ರೇಲರ್ ಒಳಗೆ ಟೇಪ್ ಹಿಡಿದು ಅಳೆದೆ: 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ, 120 ಸಿಎಫ್‌ಟಿ. 1692 ಅನ್ನು 120ರಿಂದ ಭಾಗಿಸಿದೆ, 14.1 ಬಂತು. ಯಜಮಾನರಿಗೆ ಫೋನ್ ಮಾಡಿ "14 ಲೋಡ್ ಆಗುತ್ತೆ ಸಾರ್, ಕರೆಕ್ಟಾಗಿ" ಅಂದೆ. ಆ "ಕರೆಕ್ಟಾಗಿ" ಹೇಳಬಾರದಿತ್ತು.

ಸಂಜೆ ಜೆಸಿಬಿ ಹೋಯಿತು. ಯಜಮಾನರು ಬಂದರು, ಚೀಟಿ ನೋಡಿದರು. ನನ್ನ ಮುಖ ನೋಡಿದರು. "ಇಂಜಿನಿಯರ್ ಹದಿನಾಲ್ಕು ಅಂದವ್ರೆ, ನೀನು ಹದಿನೆಂಟು ಹಾಕಿದ್ದೀಯ. ನಾನು ಇಲ್ಲದಾಗ ಸುಮ್ನೆ ಗೀಟು ಎಳೆದ್ಯಾ?" ಟ್ರ್ಯಾಕ್ಟರ್‌ನವನು ಟೋಪಿ ತೆಗೆದು ಬಾನೆಟ್ ಮೇಲಿಟ್ಟ. "ಸ್ವಾಮಿ, ಮಣ್ಣು ಹಾಕಿರೋ ಸೈಟಿಗೇ ಬನ್ನಿ, ಗುಡ್ಡೆ ಎಣಿಸಿ." ಯಜಮಾನರು ಕದಲಲಿಲ್ಲ. ಜೇಬಿಂದ ದುಡ್ಡು ತೆಗೆದು, ಎಣಿಸಿ, 14 ಲೋಡಿನಷ್ಟು ಮುಂದೆ ಹಿಡಿದರು. ಅವನು ಕೈ ಚಾಚಲಿಲ್ಲ. ಸುತ್ತ ಕೂಲಿಯವರೆಲ್ಲ ಕೆಲಸ ನಿಲ್ಲಿಸಿ ನಿಂತರು.

ನಿಜ ಹೇಳಬೇಕೆಂದರೆ ಆ ಹತ್ತು ನಿಮಿಷ ನಾನೂ ಯಜಮಾನರ ಕಡೆಯೇ ಇದ್ದೆ. ಟ್ರೇಲರ್ ಪೂರ್ತಿ ತುಂಬದೆ ಓಡಿಸಿದ್ದಾನೆ ಅಂತಲೇ ನನ್ನ ಅನುಮಾನ. ಅಗೆದ ಮಣ್ಣು ಉಬ್ಬುತ್ತದೆ ಅನ್ನೋದನ್ನು ಡಿಪ್ಲೊಮಾದಲ್ಲೇ ಓದಿದ್ದೆ. ಆದರೆ ನಾನು ಮೊದಲು ಕೆಲಸ ಕಲಿತದ್ದು ಇಲಾಖೆ ಕಾಮಗಾರಿಯಲ್ಲಿ. ಅಲ್ಲಿ ಅಳತೆ ಯಾವಾಗಲೂ ಗುಂಡಿಯದ್ದು. ಉದ್ದ, ಅಗಲ, ಆಳ ಎಂಬಿ ಅನ್ನುವ ಅಳತೆ ಪುಸ್ತಕಕ್ಕೆ ಹತ್ತುತ್ತದೆ, ಉಬ್ಬಿದ್ದಕ್ಕೆ ಬೇರೆ ದುಡ್ಡಿಲ್ಲ. ಉಬ್ಬುವ ಮಣ್ಣಿನ ತಲೆನೋವು ಗುತ್ತಿಗೆದಾರನದ್ದು. ಹಾಗಾಗಿ ಆ ಅಂಕಿ ನನ್ನ ತಲೆಯಲ್ಲಿತ್ತು, ಕೈಗೆ ಬಂದಿರಲಿಲ್ಲ.

ಮೇಸ್ತ್ರಿ ಹತ್ತಿರ ಬಂದು ಮೆಲ್ಲಗೆ "ಸಾ, ಅಗೆದ ಮಣ್ಣು ಒಳಗಿದ್ದಷ್ಟೇ ಇರುತ್ತಾ?" ಅಂದರು. ಅಷ್ಟೇ ಸಾಕಾಯಿತು.

ಕಾಂಕ್ರೀಟಿಗೆ ಮರಳು ಅಳೆಯುವ ಕಬ್ಬಿಣದ ಬಾಕ್ಸ್ ಸೈಟಲ್ಲೇ ಇತ್ತು. ಒಂದು ಮೂಟೆ ಸಿಮೆಂಟಿಗೆ ಸರಿಯಾಗಿ 35 ಲೀಟರ್ ಹಿಡಿಯುವಂಥದ್ದು, ಅಂದರೆ ಹತ್ತಿರ ಹತ್ತಿರ ಒಂದೂಕಾಲು ಸಿಎಫ್‌ಟಿ. ಗುಂಡಿಗೆ ಆಚೆ, ತುಳಿಯದೆ ಇರುವ ಜಾಗದಲ್ಲಿ ಮೇಲಿನ ಹುಲ್ಲು ಕೆರೆಸಿ, 2 ಅಡಿಗೆ 2 ಅಡಿ, 1 ಅಡಿ ಆಳ ಅಗೆಯಲು ಹೇಳಿದೆ. ಗೋಡೆಯನ್ನು ನೆಟ್ಟಗೆ ಕೆತ್ತಿಸಿದೆ, ಇಲ್ಲದಿದ್ದರೆ ಲೆಕ್ಕ ಅಲ್ಲೇ ಕೆಡುತ್ತದೆ. ಗುಂಡಿ 4 ಸಿಎಫ್‌ಟಿ. ಬಂದ ಮಣ್ಣನ್ನು ಒತ್ತದೆ, ಬಾಕ್ಸ್ ಕುಟ್ಟದೆ ತುಂಬಿಸಿ, ಕೋಲಿನಿಂದ ಮಟ್ಟ ಮಾಡಿ ಎಣಿಸಿದೆವು. ಮೂರು ಬಾಕ್ಸಿಗೆ ಮುಗಿಯಲಿಲ್ಲ. ನಾಲ್ಕನೆಯದೂ ಭರ್ತಿಯಾಯಿತು. ನಾಲ್ಕು ಬಾಕ್ಸ್ ಅಂದರೆ 5 ಸಿಎಫ್‌ಟಿ. ನೆಲದೊಳಗೆ 4 ಇದ್ದದ್ದು ಹೊರಗೆ 5. ನೂರಕ್ಕೆ ಇಪ್ಪತ್ತೈದು ಉಬ್ಬು.

1692 × 1.25 = 2115 ಸಿಎಫ್‌ಟಿ. 120ರಿಂದ ಭಾಗಿಸಿದರೆ 17.6. ಹದಿನೆಂಟನೇ ಲೋಡು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇತ್ತು ಅಂತ ಟ್ರ್ಯಾಕ್ಟರ್‌ನವನು ಆಗ ತಾನಾಗಿ ಹೇಳಿದ. ಯಜಮಾನರು ಬಾಕ್ಸ್ ಕಡೆ ನೋಡುತ್ತಾ ಉಳಿದ ದುಡ್ಡು ಕೊಟ್ಟರು. ನನ್ನ ಕಡೆ ನೋಡಲಿಲ್ಲ. ತಮಾಷೆ ಏನೆಂದರೆ, ಶೀಟಿನ ತಪ್ಪು ಲೆಕ್ಕ ಇಟ್ಟುಕೊಂಡಿದ್ದರೆ 16 ಲೋಡ್ ಬರುತ್ತಿತ್ತು, ನನ್ನ ಸರಿ ಲೆಕ್ಕಕ್ಕಿಂತ ಸತ್ಯಕ್ಕೆ ಹತ್ತಿರ. ಬಹುಶಃ ಅದಕ್ಕೇ ಆ ಶೀಟು ಇಷ್ಟು ವರ್ಷ ಬದುಕಿದೆ.

ಈ 25 ಎಲ್ಲ ಕಡೆ ನಡೆಯುವುದಿಲ್ಲ. ಮರಳು ಕಡಿಮೆ ಉಬ್ಬುತ್ತದೆ. ಜಿಗಟು ಮಣ್ಣು ಹೆಂಟೆ ಹೆಂಟೆಯಾಗಿ ಏಳುವುದರಿಂದ ನಡುವೆ ಖಾಲಿ ಜಾಗ ಜಾಸ್ತಿ, ಉಬ್ಬೂ ಜಾಸ್ತಿ. ಬಂಡೆ ಒಡೆದರೆ ಒಂದೂವರೆ ಪಟ್ಟು, ಅದಕ್ಕಿಂತ ಮೇಲೂ ಹೋಗಬಹುದು. ಬಾಕ್ಸ್ ಪರೀಕ್ಷೆ ಮಾಡಿದ್ದು ಮೇಲಿನ ಒಂದು ಅಡಿಯಲ್ಲಿ. ಕೆಳಗಿನ ಗ್ರಾವೆಲ್ ಬೇರೆ ರೀತಿ ಉಬ್ಬಿರಬಹುದಿತ್ತು, ಟ್ರಿಪ್ಪಿನ ಲೆಕ್ಕಕ್ಕೆ ಹೊಂದಿಕೊಂಡದ್ದರಿಂದ ಬಚಾವಾದೆ. ಆಳದಲ್ಲಿ ಮಣ್ಣು ಬದಲಾದರೆ ಎರಡು ಕಡೆ ಅಗೆದು ನೋಡಬೇಕು.

ಕಲ್ಲು ಕಟ್ಟಡ ಪ್ಲಿಂತ್ ಮಟ್ಟಕ್ಕೆ, ಅಂದರೆ ಮನೆಯ ನೆಲದ ಮಟ್ಟಕ್ಕೆ ಬಂದಾಗ ಎರಡನೇ ಅಧ್ಯಾಯ ಶುರುವಾಯಿತು. ಆ ಖಾಲಿ ಸೈಟಿನ ಗುಡ್ಡೆ ಬೆಟ್ಟದ ಹಾಗೆ ಕಾಣುತ್ತಿತ್ತು. ಯಜಮಾನರ ನೆಂಟರೊಬ್ಬರು ತೋಟಕ್ಕೆ 5 ಲೋಡ್ ಕೇಳಿದ್ದರು. ಯಜಮಾನರು ಈ ಸಲ ತಾವೇ ಲೆಕ್ಕ ಹಾಕಿಕೊಂಡು ಬಂದಿದ್ದರು: "ಫಿಲ್ಲಿಂಗ್‌ಗೆ ಬೇಕಾದ್ದು 1500, ನಮ್ಮ ಹತ್ರ 2115. ಐದು ಲೋಡ್ ಕೊಟ್ರೂ ಮಿಗುತ್ತೆ."

ಬೇಕಾದ್ದು ಅಷ್ಟೇ, ಅದು ಸರಿ. ಪಾಯದ ತಳದ ಪಿಸಿಸಿ ಕಾಂಕ್ರೀಟು ಮತ್ತು ಕಲ್ಲು ತಿಂದ ಜಾಗ ಕಳೆದರೆ ಗುಂಡಿಯ ಪಕ್ಕದಲ್ಲಿ ತುಂಬಲು ಸುಮಾರು 382 ಸಿಎಫ್‌ಟಿ. ಒಳಗಿನ ಎರಡು ಭಾಗ ಸೇರಿ 22.5 ಅಡಿಗೆ 33 ಅಡಿ, ಒಂದೂವರೆ ಅಡಿ ಎತ್ತರ, 1114. ಒಟ್ಟು 1496. ಆದರೆ ಇದು ದಮ್ಮಸ್ಸು ಮಾಡಿದ ಮೇಲಿನ ಅಳತೆ. ಗುಡ್ಡೆಯ 2115 ಸಡಿಲ ಮಣ್ಣು. ನೀರು ಹಾಕಿ ಮೆಷಿನ್ನಿನಲ್ಲಿ ಕುಟ್ಟಿದರೆ ಇಂಥ ಮಣ್ಣು ನೆಲದಲ್ಲಿ ಮೊದಲಿದ್ದದ್ದಕ್ಕಿಂತಲೂ ಒಂದು ಹತ್ತು ಪರ್ಸೆಂಟ್ ಕುಗ್ಗುತ್ತದೆ ಅಂತ ಇಟ್ಟುಕೊಳ್ಳುತ್ತೇವೆ. 1692ರ ಶೇಕಡಾ 90 ಅಂದರೆ 1523. ಬೆಟ್ಟದಷ್ಟು ಕಂಡ ಮಣ್ಣು ಕುಟ್ಟಿದ ಮೇಲೆ ಉಳಿಸುವುದು 27 ಸಿಎಫ್‌ಟಿ, ಟ್ರೇಲರಿನ ಕಾಲು ಭಾಗ. 120ರ ಒಂದು ಲೋಡು ಗಟ್ಟಿಯಾದ ಮೇಲೆ ಸುಮಾರು 86 ಮಾತ್ರ.

"ಒಂದು ಲೋಡೂ ಕೊಡಬೇಡಿ ಸಾರ್" ಅಂದೆ. ಈ ಸಲ "ಕರೆಕ್ಟಾಗಿ" ಅನ್ನಲಿಲ್ಲ. ನೆಂಟರಿಗೆ ಏನು ಹೇಳಿದರೋ, ಮಣ್ಣು ಮಾತ್ರ ಹೋಗಲಿಲ್ಲ.

ಆದರೂ ಕಡಿಮೆ ಬಿತ್ತು. ಜೆಸಿಬಿಯವನಿಗೆ ಮೇಲಿನ ಅರ್ಧ ಅಡಿ ಮಣ್ಣು ಬೇರೆ ತೆಗೆಯಲು ಯಾರೂ ಹೇಳಿರಲಿಲ್ಲ. ಹುಲ್ಲು, ಬೇರು, ಪ್ಲಾಸ್ಟಿಕ್ ಎಲ್ಲ ಗುಡ್ಡೆಯಲ್ಲಿ ಬೆರೆತಿತ್ತು. ಬೇರು ಕೊಳೆತರೆ ನೆಲ ಕೂರುತ್ತದೆ, ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಕೂಲಿ ಹೆಂಗಸರು ಆರಿಸಿ ಬದಿಗೆ ಹಾಕಿದ್ದೇ ಒಂದೆರಡು ಲೋಡ್ ಆಯಿತು, ಅಷ್ಟಕ್ಕೆ ಹೊರಗಿನಿಂದ ಗ್ರಾವೆಲ್ ತರಿಸಿದೆವು. ಆರಿಸಿ ಹಾಕಿದ್ದನ್ನು ನೆಂಟರು ಖುಷಿಯಿಂದ ಒಯ್ದರು, ತೋಟಕ್ಕೆ ಅದೇ ಒಳ್ಳೆಯ ಮಣ್ಣು. ಆಫೀಸಿನಿಂದ "ಒಂದೇ ಸಲ ತುಂಬಿ ನೀರು ಬಿಟ್ಟು ಬಿಡಿ, ತಾನೇ ಕೂರುತ್ತೆ" ಅಂತ ಫೋನ್ ಬಂದಿತ್ತು. ನಾವು 8 ಇಂಚಿನ ಪದರ ಪದರವಾಗಿ ಹಾಕಿ ಕುಟ್ಟಿಸಿದೆವು. ಮೆಷಿನ್ ಬಾಡಿಗೆ ಯಾಕೆ ಜಾಸ್ತಿ ಅಂತ ಮತ್ತೆ ಫೋನ್ ಬಂತು.

ಈಗ ಆ ಶೀಟಿನಲ್ಲಿ ನಾನು ಮೂರು ಸಾಲು ಹಾಕಿದ್ದೇನೆ: ಗುಂಡಿಯ ಅಳತೆ, ಸಡಿಲ ಅಳತೆ, ಕುಟ್ಟಿದ ಅಳತೆ. ಬಾಡಿಗೆ ಮಾತಾಡುವಾಗ ಲೋಡಿನ ಲೆಕ್ಕವೋ, ಗುಂಡಿಯ ಲೆಕ್ಕವೋ ಅಂತ ಮೊದಲೇ ಬರೆಸಿಕೊಳ್ಳುತ್ತೇನೆ. ಗುಂಡಿಯ ಲೆಕ್ಕ ಅಂದರೆ ಟ್ರ್ಯಾಕ್ಟರ್‌ನವರು ಸಿಎಫ್‌ಟಿಗೆ ಕಾಲು ಭಾಗ ಜಾಸ್ತಿ ರೇಟು ಕೇಳುತ್ತಾರೆ, ನಾನು ಚೌಕಾಸಿ ಮಾಡುವುದಿಲ್ಲ. ಶೀಟಿನ ಹೊಸ ಸಾಲುಗಳನ್ನು ಮ್ಯಾನೇಜರ್ ಒಮ್ಮೆ ಡಿಲೀಟ್ ಮಾಡಿದ್ದರು, ಪ್ರಿಂಟ್ ತೆಗೆದರೆ ಎರಡನೇ ಪುಟಕ್ಕೆ ಹೋಗುತ್ತವಂತೆ. ಫಾಂಟ್ ಸಣ್ಣದು ಮಾಡಿ ಮತ್ತೆ ಹಾಕಿದೆ.