ಅಯೋಡಿನ್ ಎಲ್ಲಿ ಸೇರುತ್ತದೆ ಎಂಬುದನ್ನು ಬರೆದ ಮಧ್ಯಾಹ್ನ

ಪ್ರಯೋಗದ ವರದಿಗಳನ್ನು ತಿದ್ದುವವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಉದ್ದೇಶ, ವಿಧಾನ, ಕೋಷ್ಟಕ, ಲೆಕ್ಕ ಇವೆಲ್ಲವನ್ನೂ ವಿದ್ಯಾರ್ಥಿಗಳು ಹೇಗೋ ಬರೆದುಬಿಡುತ್ತಾರೆ, ಆದರೆ ಚರ್ಚೆಯ ಭಾಗಕ್ಕೆ ಬಂದಾಗ ಅವರ ಬರವಣಿಗೆ ಎರಡು ತುಂಡಾಗುತ್ತದೆ. ಮೊದಲ ತುಂಡಿನಲ್ಲಿ ಅವರು ಕಂಡದ್ದು ಇರುತ್ತದೆ, ಎರಡನೆಯದರಲ್ಲಿ ಪಠ್ಯಪುಸ್ತಕ ಹೇಳಿದ್ದು ಇರುತ್ತದೆ, ಮತ್ತು ಇವೆರಡನ್ನೂ ಜೋಡಿಸಬೇಕಾದ ವಾಕ್ಯ ಎಲ್ಲಿಯೂ ಇರುವುದಿಲ್ಲ. ಅಸಿಟೋನಿನ ಅಯೋಡಿನೀಕರಣದ ವರದಿಯೊಂದನ್ನು ಹಿಡಿದುಕೊಂಡು ವಿದ್ಯಾರ್ಥಿನಿಯೊಬ್ಬಳು ನನ್ನ ಮೇಜಿನ ಬಳಿ ಕುಳಿತ ಮಧ್ಯಾಹ್ನ, ಆ ಕಾಣೆಯಾದ ವಾಕ್ಯವನ್ನು ಹುಡುಕುವುದರಲ್ಲೇ ನಮ್ಮ ಸಮಯವೆಲ್ಲ ಹೋಯಿತು.

ಆಕೆಯ ಪ್ರಯೋಗ ಅಚ್ಚುಕಟ್ಟಾಗಿತ್ತು. ಆಮ್ಲದ ಸಮ್ಮುಖದಲ್ಲಿ ಅಸಿಟೋನ್ ಮತ್ತು ಅಯೋಡಿನ್ ಸೇರಿ ಅಯೋಡೋಅಸಿಟೋನ್ ಆಗುವಾಗ ಅಯೋಡಿನಿನ ಕಂದು ಹಳದಿ ಬಣ್ಣ ಕರಗುತ್ತಾ ಹೋಗುತ್ತದೆ, ಉಳಿದವುಗಳಿಗೆ ಬಣ್ಣವಿಲ್ಲ. ಹಾಗಾಗಿ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಬೆಳಕಿನ ಹೀರಿಕೆಯನ್ನು ನೋಡುತ್ತಿದ್ದರೆ ಕ್ರಿಯೆ ಎಷ್ಟು ಮುಂದುವರಿದಿದೆ ಎಂಬುದು ನೇರವಾಗಿ ತಿಳಿಯುತ್ತದೆ. ಮೊದಲ ಮಿಶ್ರಣದಲ್ಲಿ ಅಸಿಟೋನ್ 0.8 ಮೋಲಾರ್, ಹೈಡ್ರೋಕ್ಲೋರಿಕ್ ಆಮ್ಲ 0.2 ಮೋಲಾರ್, ಅಯೋಡಿನ್ 0.001 ಮೋಲಾರ್ ಇದ್ದವು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಣ್ಣ ಪೂರ್ತಿ ಹೋಗಲು 204 ಸೆಕೆಂಡು ಹಿಡಿದಿತ್ತು. ಅಸಿಟೋನನ್ನು ಮಾತ್ರ ಎರಡು ಪಟ್ಟು ಮಾಡಿದಾಗ ಅದು 101 ಸೆಕೆಂಡಿಗೆ ಇಳಿಯಿತು, ಆಮ್ಲವನ್ನು ಮಾತ್ರ ಎರಡು ಪಟ್ಟು ಮಾಡಿದಾಗ 103 ಸೆಕೆಂಡು, ಅಯೋಡಿನನ್ನು ಮಾತ್ರ ಎರಡು ಪಟ್ಟು ಮಾಡಿದಾಗ 411 ಸೆಕೆಂಡು.

ಕೊನೆಯ ಸಂಖ್ಯೆಯ ಬಳಿ ತುಸು ನಿಲ್ಲಬೇಕು, ಏಕೆಂದರೆ ಇಲ್ಲಿ ಜಾರುವವರು ಬಹಳ. ಅಯೋಡಿನ್ ಹೆಚ್ಚಾದಾಗ ಸಮಯವೂ ಹೆಚ್ಚಾದ್ದರಿಂದ ಅಯೋಡಿನ್ ಕ್ರಿಯೆಯನ್ನು ನಿಧಾನಗೊಳಿಸುತ್ತದೆ ಎಂದು ಬರೆದ ವರದಿಗಳನ್ನು ನಾನು ಓದಿದ್ದೇನೆ. ಸಮಯವೇ ವೇಗವಲ್ಲ. ಖರ್ಚಾದ ಅಯೋಡಿನನ್ನು ಸಮಯದಿಂದ ಭಾಗಿಸಿದರೆ ಮೊದಲ ಮಿಶ್ರಣದ ವೇಗ ಸೆಕೆಂಡಿಗೆ 4.90 × 10⁻⁶ ಮೋಲಾರ್ ಬರುತ್ತದೆ, ಎರಡು ಪಟ್ಟು ಅಯೋಡಿನ್ ಇದ್ದ ಮಿಶ್ರಣದ ವೇಗ 4.87 × 10⁻⁶. ಕರಗಬೇಕಾದ ಅಯೋಡಿನ್ ಎರಡರಷ್ಟಿತ್ತು, ಕರಗುವ ವೇಗ ಅಷ್ಟೇ ಇತ್ತು, ಆದ್ದರಿಂದ ಸಮಯ ಎರಡರಷ್ಟಾಯಿತು. ಈ ವಿದ್ಯಾರ್ಥಿನಿ ಇದನ್ನು ಸರಿಯಾಗಿಯೇ ಗ್ರಹಿಸಿದ್ದಳು. ಆಕೆಯ ತೊಡಕು ಇದ್ದದ್ದು ಅದರ ಮುಂದಿನ ಹೆಜ್ಜೆಯಲ್ಲಿ.

ಆಕೆ ಬರೆದ ಚರ್ಚೆ ಹೀಗಿತ್ತು: "ಅಸಿಟೋನಿನ ಸಾಂದ್ರತೆ ಹೆಚ್ಚಾದಾಗ ವೇಗ ಹೆಚ್ಚಾಯಿತು. ಆಮ್ಲದ ಸಾಂದ್ರತೆ ಹೆಚ್ಚಾದಾಗಲೂ ವೇಗ ಹೆಚ್ಚಾಯಿತು. ಅಯೋಡಿನಿನ ಸಾಂದ್ರತೆಯಿಂದ ವೇಗ ಬದಲಾಗಲಿಲ್ಲ. ಈ ಕ್ರಿಯೆಯು ಈನಾಲ್ ಮೂಲಕ ನಡೆಯುತ್ತದೆ. ಫಲಿತಾಂಶವು ಸಿದ್ಧಾಂತಕ್ಕೆ ಅನುಗುಣವಾಗಿದೆ." ಒಂದು ವಾಕ್ಯವೂ ಸುಳ್ಳಲ್ಲ. ಆದರೆ ಮೂರನೆಯ ವಾಕ್ಯಕ್ಕೂ ನಾಲ್ಕನೆಯದಕ್ಕೂ ನಡುವೆ ಸಂಬಂಧವೇ ಇಲ್ಲ. ಅಸಿಟೋನಿನದೇ ಇನ್ನೊಂದು ರೂಪವಾದ ಈನಾಲ್ ಎಂಬ ಮಾತು ಆ ಕೋಷ್ಟಕದಿಂದ ಬಂದದ್ದಲ್ಲ, ಪುಸ್ತಕದಿಂದ ಬಂದು ಕೋಷ್ಟಕದ ಪಕ್ಕದಲ್ಲಿ ಕುಳಿತದ್ದು. "ಅನುಗುಣವಾಗಿದೆ" ಎಂಬ ಪದದ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿದೆ. ಬರೆಯುವವರು ಯೋಚಿಸುವುದನ್ನು ನಿಲ್ಲಿಸಿದ ಜಾಗದಲ್ಲೇ ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ.

"ಈನಾಲ್ ಇಲ್ಲದೆ ಹೋಗಿದ್ದರೆ ನಿನ್ನ ಗ್ರಾಫಿನಲ್ಲಿ ಏನು ಬೇರೆ ಕಾಣುತ್ತಿತ್ತು?" ಎಂದು ಕೇಳಿದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಅಯೋಡಿನ್ ನೇರವಾಗಿ ಅಸಿಟೋನಿನ ಮೇಲೆ ಬಿದ್ದಿದ್ರೆ ಅಂತಲೇ, ಸರ್?" ಎಂದಳು.

ಅದೇ ಪ್ರಶ್ನೆ. ಪ್ರೋಟಾನ್ ಪಡೆದ ಅಸಿಟೋನಿಗೂ ಅಯೋಡಿನಿಗೂ ನೇರ ಘರ್ಷಣೆಯಾಗುವುದೇ ಇಡೀ ಕ್ರಿಯೆಯ ವೇಗವನ್ನು ನಿರ್ಧರಿಸುವ ನಿಧಾನದ ಹಂತವಾಗಿದ್ದರೆ, ಅಯೋಡಿನ್ ಎರಡು ಪಟ್ಟಾದಾಗ ವೇಗವೂ ಎರಡು ಪಟ್ಟಾಗಬೇಕಿತ್ತು. ಅಷ್ಟೇ ಅಲ್ಲ, ಒಂದೇ ಮಿಶ್ರಣದೊಳಗೂ ಅಯೋಡಿನ್ ಖಾಲಿಯಾಗುತ್ತಾ ಬಂದಂತೆ ವೇಗ ಕುಗ್ಗಬೇಕಿತ್ತು, ಹೀರಿಕೆಯ ಗೆರೆ ಕೆಳಗೆ ಬಂದಂತೆಲ್ಲ ಬಾಗಿ, ಶೂನ್ಯವನ್ನು ಮುಟ್ಟಲು ಹಿಂಜರಿಯುತ್ತಾ ಸಾಗಬೇಕಿತ್ತು. ಆಕೆಯ ಗ್ರಾಫನ್ನು ತೆಗೆದು ನೋಡಿದೆವು. ಹೀರಿಕೆ 0.9ರ ಆಸುಪಾಸಿನಲ್ಲಿ ಆರಂಭವಾಗಿ, ಅಡ್ಡಕೋಲು ಇಟ್ಟು ಎಳೆದಂತೆ ನೇರವಾಗಿ ಇಳಿದು, ತಳ ಮುಟ್ಟಿದ ಕೂಡಲೇ ಥಟ್ಟನೆ ಅಡ್ಡಕ್ಕೆ ತಿರುಗಿತ್ತು. ಅಯೋಡಿನ್ ಹತ್ತರಲ್ಲಿ ಒಂದು ಪಾಲು ಉಳಿದಾಗಲೂ ಇಳಿಜಾರು ಮೊದಲಿನಷ್ಟೇ ಇತ್ತು. ಎರಡು ಮಿಶ್ರಣಗಳ ಹೋಲಿಕೆಗಿಂತ ಈ ಒಂದು ಗೆರೆಯೇ ಗಟ್ಟಿಯಾದ ಸಾಕ್ಷಿ, ಏಕೆಂದರೆ ಇಲ್ಲಿ ಅಯೋಡಿನ್ ಒಂದೇ ಪಾತ್ರೆಯಲ್ಲಿ, ಒಂದೇ ಉಷ್ಣತೆಯಲ್ಲಿ, ಪೂರ್ಣದಿಂದ ಶೂನ್ಯದವರೆಗೆ ಎಲ್ಲ ಸಾಂದ್ರತೆಗಳನ್ನೂ ದಾಟಿಬಂದಿರುತ್ತದೆ. ಆಕೆ ಗ್ರಾಫನ್ನು ವರದಿಗೆ ಅಂಟಿಸಿದ್ದಳು, ಆದರೆ ಅದರ ಆಕಾರದ ಬಗ್ಗೆ ಚರ್ಚೆಯಲ್ಲಿ ಒಂದು ಮಾತೂ ಇರಲಿಲ್ಲ.

ಗೆರೆ ನೇರವಾಗಿದೆ ಎಂಬುದರಿಂದ ತೀರ್ಮಾನಕ್ಕೆ ಹೋಗುವ ಮೊದಲು ಇನ್ನೊಂದು ಅನುಮಾನವನ್ನು ಪರಿಹರಿಸಿಕೊಳ್ಳಬೇಕಿತ್ತು. ಉಳಿದೆರಡು ಪದಾರ್ಥಗಳು ಆ ಹೊತ್ತಿನಲ್ಲಿ ಬದಲಾಗದೆ ಇದ್ದವೇ? ಅಸಿಟೋನ್ ಅಯೋಡಿನಿಗಿಂತ ಎಂಟುನೂರು ಪಟ್ಟು ಹೆಚ್ಚಿತ್ತು, ಆದ್ದರಿಂದ ಅದರಲ್ಲಿ ಖರ್ಚಾದದ್ದು ಗಣನೆಗೆ ಬಾರದಷ್ಟು. ಆಮ್ಲದ ಕಥೆ ಇನ್ನೂ ಸ್ವಾರಸ್ಯಕರ, ಏಕೆಂದರೆ ಈ ಕ್ರಿಯೆಯಲ್ಲಿ ಅದು ಖರ್ಚಾಗುವುದಿಲ್ಲ, ಬದಲಿಗೆ ಪ್ರತಿ ಅಯೋಡಿನ್ ಅಣುವಿಗೆ ಒಂದು ಪ್ರೋಟಾನ್ ಹೊಸದಾಗಿ ಹುಟ್ಟುತ್ತದೆ. 0.2 ಮೋಲಾರ್ ಆಮ್ಲಕ್ಕೆ 0.001 ಸೇರಿದರೆ ಶೇಕಡಾ ಅರ್ಧದಷ್ಟು ವ್ಯತ್ಯಾಸ, ಅದು ಗ್ರಾಫಿನಲ್ಲಿ ಕಾಣುವುದಿಲ್ಲ. ಆಮ್ಲವನ್ನು ಬಹಳ ತೆಳುವಾಗಿ ತೆಗೆದುಕೊಂಡಿದ್ದರೆ ಕ್ರಿಯೆ ತನ್ನನ್ನು ತಾನೇ ಚುರುಕುಗೊಳಿಸಿಕೊಳ್ಳುತ್ತಾ ಗೆರೆ ಕೊನೆಯ ಕಡೆಗೆ ಕಡಿದಾಗುತ್ತಿತ್ತು.

ಹೀಗೆ, ವೇಗ ಯಾವ ಯಾವ ಸಾಂದ್ರತೆಗಳನ್ನು ಅವಲಂಬಿಸಿದೆ ಎಂದು ಹೇಳುವ ವೇಗನಿಯಮದಿಂದ ಅಯೋಡಿನ್ ಹೊರಗುಳಿಯಿತು. ವೇಗನಿಯಮವು ನಿಧಾನದ ಹಂತದವರೆಗೆ ಒಟ್ಟುಗೂಡಿದ ಕಣಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ, ಆ ಹಂತ ದಾಟಿದ ಮೇಲೆ ಬಂದು ಸೇರುವವು ಅದರಲ್ಲಿ ಕಾಣಿಸುವುದಿಲ್ಲ. ಅಂದರೆ ಅಯೋಡಿನ್ ಬರುವುದು ತಡವಾಗಿ, ಮತ್ತು ಬಂದ ಕೂಡಲೇ ವೇಗವಾಗಿ ಕೆಲಸ ಮುಗಿಸುತ್ತದೆ. ಹಾಗಿದ್ದ ಮೇಲೆ ಅದು ಬರುವುದಕ್ಕೆ ಮುಂಚೆ ಅಸಿಟೋನ್ ಮತ್ತು ಪ್ರೋಟಾನ್ ಸೇರಿ, ಅಯೋಡಿನಿಗಾಗಿ ಕಾದಿರುವ ಚುರುಕಾದ ಯಾವುದೋ ವಸ್ತುವನ್ನು ನಿಧಾನವಾಗಿ ತಯಾರಿಸಿರಬೇಕು. ಈನಾಲ್ ಎಂಬ ಹೆಸರು ವರದಿಯಲ್ಲಿ ಬರಬೇಕಾದದ್ದು ಈ ಜಾಗದಲ್ಲಿ. ಆಮ್ಲದ ಪ್ರೋಟಾನ್ ಕಾರ್ಬೋನಿಲ್ ಆಮ್ಲಜನಕಕ್ಕೆ ಬೇಗನೆ ಅಂಟುತ್ತದೆ, ಬೇಗನೆ ಬಿಡುತ್ತದೆ. ಹಾಗೆ ಪ್ರೋಟಾನ್ ಹೊತ್ತ ಅಣುವಿನ ಪಕ್ಕದ ಕಾರ್ಬನ್ನಿನಿಂದ ನೀರು ನಿಧಾನವಾಗಿ ಇನ್ನೊಂದು ಪ್ರೋಟಾನನ್ನು ಕಿತ್ತುಕೊಂಡಾಗ ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧ ಏರ್ಪಟ್ಟು ಈನಾಲ್ ಆಗುತ್ತದೆ. ಎಲೆಕ್ಟ್ರಾನು ಸಮೃದ್ಧವಾದ ಆ ದ್ವಿಬಂಧವು ಅಯೋಡಿನನ್ನು ಸಿಕ್ಕ ಕೂಡಲೇ ಹಿಡಿಯುತ್ತದೆ.

ಇದನ್ನು ಕೇಳಿದ ಆಕೆ ಉತ್ಸಾಹದಿಂದ, "ಹಾಗಾದ್ರೆ ಪಕ್ಕದ ಕಾರ್ಬನ್ನಿಂದ ಪ್ರೋಟಾನ್ ಕೀಳೋದೇ ನಿಧಾನದ ಹಂತ ಅಂತ ನಮ್ಮ ಪ್ರಯೋಗ ಸಾಬೀತು ಮಾಡುತ್ತೆ ಅಂತ ಬರೆಯಲಾ, ಸರ್?" ಎಂದಳು. ಚರ್ಚೆಯ ಪರಿಚ್ಛೇದ ಹಾಳಾಗುವ ಎರಡನೆಯ ದಾರಿ ಇದು. ಜೋಡಣೆಯೇ ಇಲ್ಲದ ವಾಕ್ಯಗಳು ಒಂದು ತುದಿಯಾದರೆ, ದತ್ತಾಂಶ ಹೊರಲಾರದ ಮಾತನ್ನು ಅದರ ಮೇಲೆ ಹೇರುವುದು ಇನ್ನೊಂದು ತುದಿ. ಆಮ್ಲಜನಕಕ್ಕೆ ಪ್ರೋಟಾನ್ ಅಂಟುವುದೇ ನಿಧಾನವಾಗಿದ್ದು ಮುಂದಿನದೆಲ್ಲ ವೇಗವಾಗಿದ್ದರೂ ವೇಗನಿಯಮ ಇದೇ ಬರುತ್ತಿತ್ತು: ಅಸಿಟೋನಿಗೆ ಒಂದು ದರ್ಜೆ, ಆಮ್ಲಕ್ಕೆ ಒಂದು ದರ್ಜೆ, ಅಯೋಡಿನಿಗೆ ಶೂನ್ಯ. ಇವೆರಡರಲ್ಲಿ ಯಾವುದು ಎಂದು ಆಕೆಯ ನಾಲ್ಕು ಮಿಶ್ರಣಗಳು ಹೇಳಲಾರವು. ಅದನ್ನು ಹೇಳುವುದು ಬೇರೆ ಪ್ರಯೋಗ. ಅಸಿಟೋನಿನ ಹೈಡ್ರೋಜನ್‌ಗಳ ಬದಲು ಅದರ ಭಾರವಾದ ಐಸೋಟೋಪಾದ ಡ್ಯೂಟೇರಿಯಮ್ ಇಟ್ಟರೆ ಕ್ರಿಯೆ ಹಲವು ಪಟ್ಟು ನಿಧಾನವಾಗುತ್ತದೆ. ಆಮ್ಲಜನಕಕ್ಕೆ ಪ್ರೋಟಾನ್ ಅಂಟುವುದೇ ನಿಧಾನದ ಹಂತವಾಗಿದ್ದರೆ ಕಾರ್ಬನ್ನಿನ ಮೇಲೆ ಯಾವ ಐಸೋಟೋಪು ಕೂತಿದೆ ಎಂಬುದರಿಂದ ಇಷ್ಟು ವ್ಯತ್ಯಾಸವಾಗಬಾರದಿತ್ತು. ಹಾಗೆಯೇ ಅಯೋಡಿನ್ ಬದಲು ಬ್ರೋಮಿನ್ ಬಳಸಿದರೂ ವೇಗ ಹೆಚ್ಚುಕಡಿಮೆ ಅದೇ ಇರುತ್ತದೆ. ಆರ್ಥರ್ ಲ್ಯಾಪ್‌ವರ್ತ್ 1904ರಲ್ಲಿ ಅಸಿಟೋನಿನ ಬ್ರೋಮಿನೀಕರಣದ ವೇಗ ಬ್ರೋಮಿನ್ ಸಾಂದ್ರತೆಯನ್ನು ಅವಲಂಬಿಸಿಲ್ಲ ಎಂದು ತೋರಿಸಿದ್ದರು. ಇವನ್ನು ಚರ್ಚೆಯಲ್ಲಿ ಧಾರಾಳವಾಗಿ ಬಳಸಬಹುದು, ಆದರೆ ಇತರರು ಕಂಡದ್ದು ಎಂದೇ ಹೇಳಿ ಬಳಸಬೇಕು.

ಉಷ್ಣತೆಯನ್ನೂ ಇದೇ ಪರಿಚ್ಛೇದಕ್ಕೆ ತರುವ ಆಸೆ ಆಕೆಗಿತ್ತು. ಸಕ್ರಿಯಣ ಶಕ್ತಿಯ ಲೆಕ್ಕ ಬೇರೆ ವಾದದ ಭಾಗವಾದ್ದರಿಂದ ಅದನ್ನು ಮುಂದಿನ ಪರಿಚ್ಛೇದಕ್ಕೆ ಸರಿಸಿದೆವು. ಒಂದು ಕಾರಣಕ್ಕೆ ಮಾತ್ರ ಅದು ಇಲ್ಲಿ ಹಣಕಿತು: ಈ ಕ್ರಿಯೆಯ ವೇಗ ಕೋಣೆಯ ಉಷ್ಣತೆಯ ಸುಮಾರಿನಲ್ಲಿ ಪ್ರತಿ ಡಿಗ್ರಿಗೆ ಶೇಕಡಾ ಹತ್ತಕ್ಕೂ ಹೆಚ್ಚು ಬದಲಾಗುತ್ತದೆ. ಆಕೆಯ ಅನುಪಾತಗಳು 2ರ ಬದಲು 2.02 ಮತ್ತು 1.98 ಬಂದದ್ದಕ್ಕೆ ನೀರಿನ ತೊಟ್ಟಿಯ ಉಷ್ಣತೆ ಡಿಗ್ರಿಯ ಐದರಲ್ಲೊಂದು ಪಾಲು ಅಲುಗಿದ್ದರೂ ಸಾಕು. ಹಾಗಾಗಿ ಆ ಶೇಕಡಾ ಒಂದಕ್ಕೆ ರಾಸಾಯನಿಕ ಅರ್ಥ ಹುಡುಕುವ ಅಗತ್ಯವಿರಲಿಲ್ಲ.

ಸಂಜೆಯ ಹೊತ್ತಿಗೆ ಆಕೆಯ ಪರಿಚ್ಛೇದ ಹೀಗಾಗಿತ್ತು: "ಅಸಿಟೋನ್ ಅಥವಾ ಆಮ್ಲವನ್ನು ಇಮ್ಮಡಿಸಿದಾಗ ವೇಗವೂ ಇಮ್ಮಡಿಯಾಯಿತು, ಆದರೆ ಅಯೋಡಿನನ್ನು ಇಮ್ಮಡಿಸಿದಾಗ ವೇಗ ಬದಲಾಗಲಿಲ್ಲ, ಮತ್ತು ಪ್ರತಿ ಮಿಶ್ರಣದಲ್ಲೂ ಅಯೋಡಿನ್ ಮುಗಿಯುವವರೆಗೆ ಹೀರಿಕೆ ಸರಳರೇಖೆಯಲ್ಲಿ ಇಳಿಯಿತು. ಆದ್ದರಿಂದ ಅಯೋಡಿನ್ ನಿಧಾನದ ಹಂತದ ನಂತರ ಸೇರುತ್ತದೆ, ಪ್ರೋಟಾನ್ ಪಡೆದ ಅಸಿಟೋನಿನ ಮೇಲೆ ಅದು ನೇರವಾಗಿ ನಿಧಾನ ಹಂತದಲ್ಲಿ ವರ್ತಿಸುವ ಸಾಧ್ಯತೆ ಇದರಿಂದ ತಳ್ಳಿಹೋಗುತ್ತದೆ. ಅಸಿಟೋನ್ ಮತ್ತು ಪ್ರೋಟಾನ್ ಸೇರಿ ಈನಾಲ್ ನಿಧಾನವಾಗಿ ರೂಪುಗೊಂಡು, ಅದು ಅಯೋಡಿನಿನೊಂದಿಗೆ ವೇಗವಾಗಿ ವರ್ತಿಸುತ್ತದೆ ಎಂಬ ಕ್ರಿಯಾವಿಧಾನ ಈ ಎಲ್ಲ ಅವಲೋಕನಗಳನ್ನೂ ವಿವರಿಸುತ್ತದೆ. ಈನಾಲ್ ಆಗುವ ಹಾದಿಯ ಎರಡು ಪ್ರೋಟಾನ್ ವರ್ಗಾವಣೆಗಳಲ್ಲಿ ಯಾವುದು ನಿಧಾನ ಎಂಬುದನ್ನು ಈ ದತ್ತಾಂಶ ನಿರ್ಧರಿಸುವುದಿಲ್ಲ. ಡ್ಯೂಟೇರಿಯಮ್ ಬಳಸಿದ ಪ್ರಕಟಿತ ಅಧ್ಯಯನಗಳು ಕಾರ್ಬನ್ನಿನಿಂದ ಪ್ರೋಟಾನ್ ಬಿಡುವ ಹಂತವೇ ಅದು ಎಂದು ತೋರಿಸಿವೆ."

ನಾನು ಸೇರಿಸಲು ಹೇಳಿದ್ದು ಇನ್ನೊಂದೇ ಮಾತು. ಅಯೋಡಿನ್ ಅತ್ಯಂತ ವಿರಳವಾದಾಗ ಈನಾಲ್ ಅದಕ್ಕೆ ಸಿಗುವ ಮೊದಲೇ ಮರಳಿ ಅಸಿಟೋನಾಗಬಲ್ಲದು, ಆಗ ಅಯೋಡಿನಿನ ಸಾಂದ್ರತೆಯೂ ವೇಗಕ್ಕೆ ಲೆಕ್ಕವಾಗುತ್ತದೆ. ಆದ್ದರಿಂದ ಶೂನ್ಯ ದರ್ಜೆ ಎಂಬ ಮಾತಿನ ಪಕ್ಕದಲ್ಲಿ ಆಕೆ ತಾನು ಅಳೆದ ಸಾಂದ್ರತೆಗಳ ವ್ಯಾಪ್ತಿಯನ್ನು ಪೆನ್ಸಿಲಿನಲ್ಲಿ ಬರೆದುಕೊಂಡಳು.