ನ್ಯಾಟ್ ವಿಎಂ ಸಾಗಿಸಿದ ಒಂದು ಬೆಳಗಿನ ಜಾವ

ದಾವಣಗೆರೆಯ ಹದಡಿ ರಸ್ತೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಾನು ಕೆಲಸ ಮಾಡುವ ಸಣ್ಣ ಇಂಟರ್ನೆಟ್ ಸಂಸ್ಥೆಯ ಸರ್ವರ್ ಕೋಣೆಯಿದೆ. ಅಲ್ಲಿರುವ h1 ಮತ್ತು h2 ಎಂಬ ಎರಡು ಕೆವಿಎಂ ಸರ್ವರ್‌ಗಳ ಮೇಲೆ ನಮ್ಮ ಎಲ್ಲ ವಿಎಂಗಳೂ, ಅಂದರೆ ವರ್ಚುವಲ್ ಯಂತ್ರಗಳೂ, ನಡೆಯುತ್ತವೆ. ಅವುಗಳ ಡಿಸ್ಕ್‌ಗಳು ಎರಡಕ್ಕೂ ಸಾಮಾನ್ಯವಾದ ಒಂದು ಸ್ಟೋರೇಜ್‌ನಲ್ಲಿವೆ. ಕಳೆದ ಬೇಸಿಗೆಯಲ್ಲಿ h1ರ ಒಂದು ರ‍್ಯಾಮ್ ಪಟ್ಟಿ ದಿನಕ್ಕೆ ಹತ್ತಾರು ಬಾರಿ ಸರಿಪಡಿಸಬಹುದಾದ ಇಸಿಸಿ ದೋಷಗಳನ್ನು ಲಾಗ್‌ಗೆ ಬರೆಯತೊಡಗಿತು. ಪಟ್ಟಿ ಬದಲಿಸಲು ಸರ್ವರನ್ನು ಆರಿಸಲೇಬೇಕಿತ್ತು. ಉಳಿದ ವಿಎಂಗಳನ್ನು ಚಾಲನೆಯಲ್ಲಿರುವಂತೆಯೇ h2ಗೆ ಸಾಗಿಸುವುದು ಕಷ್ಟವಾಗಲಿಲ್ಲ. ತಕರಾರು ತೆಗೆದದ್ದು nat1 ಮಾತ್ರ.

ಆ ವಿಎಂ ನಮ್ಮ ಚಂದಾದಾರರ ಖಾಸಗಿ ವಿಳಾಸಗಳನ್ನು ಕೆಲವೇ ಸಾರ್ವಜನಿಕ ವಿಳಾಸಗಳಿಗೆ ಬದಲಿಸಿ ಹೊರಗೆ ಕಳಿಸುತ್ತದೆ. ಯಾವ ಸಂಪರ್ಕ ಯಾವ ಮನೆಯದು ಎಂಬ ಪಟ್ಟಿ ಅದರ ಮೆಮೊರಿಯಲ್ಲಿಯೇ ಇರುವುದರಿಂದ ಅದನ್ನು ಆರಿಸಿ ಮತ್ತೆ ಹೊತ್ತಿಸಿದರೆ ಊರಿನ ಎಲ್ಲ ಡೌನ್‌ಲೋಡ್‌ಗಳೂ ವಿಡಿಯೊ ಕರೆಗಳೂ ಒಮ್ಮೆಗೇ ಕಡಿದುಹೋಗುತ್ತವೆ. ಮೊದಲು ಇದೂ ಉಳಿದವುಗಳಂತೆ ವರ್ಟ್‌ಐಒ ಕಾರ್ಡ್‌ನಲ್ಲಿಯೇ, ಅಂದರೆ ಹೋಸ್ಟ್ ಸರ್ವರ್ ಸಾಫ್ಟ್‌ವೇರ್‌ನಲ್ಲಿ ಒದಗಿಸುವ ನೆಟ್‌ವರ್ಕ್ ಕಾರ್ಡ್‌ನಲ್ಲಿ, ಓಡುತ್ತಿತ್ತು. ರಾತ್ರಿ ಒಂಬತ್ತರ ಸುಮಾರಿಗೆ ಹೋಸ್ಟ್‌ನಲ್ಲಿ `top` ನೋಡಿದರೆ `vhost` ಎಂದು ಆರಂಭವಾಗುವ ಒಂದು ಥ್ರೆಡ್ ಒಂದು ಕೋರನ್ನು ಪೂರ್ತಿಯಾಗಿ ತಿನ್ನುತ್ತಿತ್ತು. ಪ್ರತಿ ಪ್ಯಾಕೆಟ್ಟನ್ನೂ ಬ್ರಿಡ್ಜ್‌ನಿಂದ ಎತ್ತಿ ಗೆಸ್ಟ್‌ನ, ಅಂದರೆ ವಿಎಂನ, ಮೆಮೊರಿಗೆ ನಕಲು ಮಾಡುವ ಕೂಲಿ ಅದರದ್ದು. ಲಿಂಕಿನ ಸಾಮರ್ಥ್ಯ ಇನ್ನೂ ಉಳಿದಿರುವಾಗಲೇ ಆ ಒಂದು ಕೋರ್ ಸಾಲದೆ ಪ್ಯಾಕೆಟ್‌ಗಳು ಬೀಳುತ್ತಿದ್ದವು.

ಹಾಗಾಗಿ nat1ಅನ್ನು, ಒಂದು ಕಾರ್ಡನ್ನು ಹಲವಾಗಿ ಒಡೆದು ವಿಎಂಗಳಿಗೆ ನೇರವಾಗಿ ಕೊಡುವ ಎಸ್‌ಆರ್‌-ಐಒವಿಗೆ ಬದಲಿಸಿದ್ದೆವು. ನಮ್ಮದು 82599 ಚಿಪ್ಪಿನ 10 ಗಿಗಾಬಿಟ್ ಕಾರ್ಡ್. ಲಿನಕ್ಸ್‌ನಲ್ಲಿ ಅದರ ಒಂದೊಂದು ಪೋರ್ಟೂ 63ರವರೆಗೆ ವಿಎಫ್‌ಗಳಾಗಿ, ಅಂದರೆ ಸ್ವಂತ ಪಿಸಿಐ ವಿಳಾಸವಿರುವ ಹಗುರ ಕಾರ್ಡ್‌ಗಳಾಗಿ, ಒಡೆದುಕೊಳ್ಳಬಲ್ಲದು. ನಾವು `sriov_numvfs` ಕಡತಕ್ಕೆ 8 ಎಂದಷ್ಟೇ ಬರೆದೆವು. ಒಂದು ವಿಎಫ್ ಅನ್ನು ಗೆಸ್ಟ್‌ಗೆ ಕೊಟ್ಟ ಮೇಲೆ ಕಾರ್ಡ್ ಐಒಎಂಎಂಯು ಕಾವಲಿನಲ್ಲಿ ನೇರವಾಗಿ ಗೆಸ್ಟ್‌ನ ಮೆಮೊರಿಗೇ ಪ್ಯಾಕೆಟ್ ಬರೆಯುತ್ತದೆ, ಹೋಸ್ಟ್ ನಡುವೆ ಕೈಹಾಕುವುದಿಲ್ಲ. `vhost` ಥ್ರೆಡ್‌ನ ಹೊರೆ ಅಂದಿಗೆ ಇಳಿಯಿತು, ದೂರುಗಳೂ ನಿಂತವು.

ಹೋಸ್ಟ್ ನಡುವೆ ಇಲ್ಲದಿರುವುದೇ ಸಾಗಣೆಗೆ ಅಡ್ಡಿ ಎಂಬುದು ನನಗೆ ಓದಿ ಗೊತ್ತಿತ್ತು, ಮಾಡಿ ಗೊತ್ತಿರಲಿಲ್ಲ. ಲೈವ್ ಮೈಗ್ರೇಷನ್ ನಡೆಯುವಾಗ ಹೋಸ್ಟ್ ಗೆಸ್ಟ್‌ನ ಮೆಮೊರಿಯನ್ನು ಪುಟಪುಟವಾಗಿ ನಕಲಿಸುತ್ತ, ಅಷ್ಟರಲ್ಲಿ ಬದಲಾದ ಪುಟಗಳನ್ನು ಗುರುತಿಟ್ಟುಕೊಂಡು ಮತ್ತೆ ಕಳಿಸುತ್ತದೆ. ಸಿಪಿಯು ಬರೆದದ್ದು ಅದಕ್ಕೆ ತಿಳಿಯುತ್ತದೆ, ಆದರೆ ಕಾರ್ಡ್ ಸಿಪಿಯುವನ್ನು ಬಿಟ್ಟು ಡಿಎಂಎ ಮೂಲಕ ಬರೆದದ್ದು ನಮ್ಮಂಥ ಯಂತ್ರಗಳಲ್ಲಿ ತಿಳಿಯುವುದಿಲ್ಲ. ಅಲ್ಲದೆ ಕಾರ್ಡ್ ಸರತಿಯಲ್ಲಿ ಎಲ್ಲಿಯವರೆಗೆ ಬಂದಿದೆ ಎಂಬ ಲೆಕ್ಕ ಚಿಪ್ಪಿನ ಒಳಗಿರುತ್ತದೆ. ಅದನ್ನು ಹೊರತೆಗೆದು ಇನ್ನೊಂದು ಕಾರ್ಡ್‌ಗೆ ತುಂಬುವ ದಾರಿ ಈ ಚಿಪ್ಪಿನಲ್ಲಿಲ್ಲ. ಅಂಥ ದಾರಿಯಿರುವ ಹೊಸ ಕಾರ್ಡ್‌ಗಳಿವೆ, ಲಿನಕ್ಸ್ 5.18ರಲ್ಲಿ `mlx5` ಕುಟುಂಬದ ವಿಎಫ್‌ಗಳಿಗೆ ಆ ಸೌಲಭ್ಯ ಬಂದಿತು. ನಮ್ಮ ಬಜೆಟ್‌ಗೆ ಅದು ದೂರದ ಮಾತು. ವಿಎಫ್ ಅಂಟಿಕೊಂಡಿರುವವರೆಗೆ `virsh migrate` ಕೆಲಸ ಆರಂಭಿಸಲೇ ಒಪ್ಪುವುದಿಲ್ಲ.

ಇದಕ್ಕಿರುವ ಉಪಾಯವನ್ನು ಮೊದಲೇ ಕಟ್ಟಿಟ್ಟಿದ್ದೆವು. ಗೆಸ್ಟ್‌ನೊಳಗೆ ಒಂದೇ ಮ್ಯಾಕ್ ವಿಳಾಸದ ಎರಡು ಕಾರ್ಡ್‌ಗಳು, ಒಂದು ವಿಎಫ್ ಮತ್ತೊಂದು ವರ್ಟ್‌ಐಒ, `active-backup` ಬಾಂಡ್‌ನಲ್ಲಿ ಸೇರಿದ್ದವು. ವಿಎಫ್ ಕಿತ್ತರೆ ಸಂಚಾರ ವರ್ಟ್‌ಐಒಗೆ ಹೊರಳಬೇಕು, ವಿಎಂ ಸಾಗಬೇಕು, ಆಚೆ ದಡದಲ್ಲಿ ಹೊಸ ವಿಎಫ್ ಸಿಕ್ಕಬೇಕು. ಒಳ ಮುಖಕ್ಕೂ ಹೊರ ಮುಖಕ್ಕೂ ಇಂಥದೇ ಒಂದೊಂದು ಜೋಡಿ ಇತ್ತು. ಎರಡರ ಕಥೆಯೂ ಒಂದೇ ಆದ್ದರಿಂದ ಇಲ್ಲಿ ಒಂದನ್ನೇ ಹೇಳುತ್ತೇನೆ.

ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ, ಸಂಚಾರ ಕನಿಷ್ಠವಿರುವ ಹೊತ್ತಿನಲ್ಲಿ, ವಿಎಫ್ ಕಿತ್ತೆವು. `/proc/net/bonding/bond0` ಕಡತದಲ್ಲಿ ಸಕ್ರಿಯ ಕಾರ್ಡ್ ಎಂದು ವರ್ಟ್‌ಐಒ ಹೆಸರು ಬಂದಿತು. ಆದರೆ ಪಿಂಗ್ ನಿಂತುಹೋಯಿತು. ಒಂದೆರಡು ಸೆಕೆಂಡಿನ ಮಾತೆಂದು ಕಾದೆವು. ಮೂವತ್ತು ಸೆಕೆಂಡ್ ಕಳೆದರೂ ಉತ್ತರವಿಲ್ಲ.

“ಅಣ್ಣಾ, ವಾಪಸ್ ಹಾಕಿಬಿಡೋಣ್ವಾ?” ಎಂದ ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿ.

“ಒಂದು ನಿಮಿಷ ತಡಿ, ಹೊರಗೆ ಹೋಗ್ತಿದೆಯಾ ನೋಡು” ಎಂದೆ.

ಗೆಸ್ಟ್‌ನಲ್ಲಿ `ip -s link` ಹಾಕಿದಾಗ ವರ್ಟ್‌ಐಒ ಕಾರ್ಡ್‌ನ ಹೊರಹೋಗುವ ಎಣಿಕೆ ಏರುತ್ತಿತ್ತು, ಒಳಬರುವ ಎಣಿಕೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಹೋಸ್ಟ್‌ನ ಬ್ರಿಡ್ಜ್ ಮೇಲೆ `tcpdump` ಇಟ್ಟರೆ ಎಆರ್‌ಪಿ ಪ್ರಶ್ನೆಗಳು ಹೊರಡುವುದು ಕಂಡಿತು, ಉತ್ತರಗಳು ಬ್ರಿಡ್ಜ್‌ವರೆಗೂ ಬರುತ್ತಿರಲಿಲ್ಲ. ಅಂದರೆ ತಂತಿಗೂ ಬ್ರಿಡ್ಜ್‌ಗೂ ನಡುವೆ, ಕಾರ್ಡ್‌ನ ಹೊಟ್ಟೆಯಲ್ಲಿಯೇ, ಯಾರೋ ಅವನ್ನು ನುಂಗುತ್ತಿದ್ದರು. `ip link show enp59s0f0` ಎಂದಾಗ ಕಳ್ಳ ಸಿಕ್ಕ: ವಿಎಫ್ 3ರ ಮುಂದೆ nat1ರ ಮ್ಯಾಕ್ ವಿಳಾಸ ಇನ್ನೂ ಹಾಗೆಯೇ ಇತ್ತು.

ಎಸ್‌ಆರ್‌-ಐಒವಿ ಕಾರ್ಡ್‌ನೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಬಂದ ಪ್ಯಾಕೆಟ್‌ನ ಮ್ಯಾಕ್ ವಿಳಾಸ ಯಾವ ವಿಎಫ್‌ಗೆ ನಮೂದಾಗಿದೆಯೋ ಆ ವಿಎಫ್‌ಗೇ ಅದು ಹೋಗುತ್ತದೆ. ಬ್ರಿಡ್ಜ್‌ಗೆ ಸೇರಿದ ಮೂಲ ಪೋರ್ಟ್ ಪ್ರಾಮಿಸ್ಕ್ಯುಯಸ್ ಸ್ಥಿತಿಯಲ್ಲಿದ್ದರೂ ಅದರ ಪಾಲಿಗೆ ಅದು ಬರುವುದಿಲ್ಲ. ನಾವು ಕಿತ್ತ ವಿಎಫ್ ಹೋಸ್ಟ್‌ಗೆ ಮರಳಿತ್ತು, ಹೋಸ್ಟ್‌ನ `ixgbevf` ಡ್ರೈವರ್ ಅದನ್ನು ಹಳೆಯ ಮ್ಯಾಕ್ ಸಮೇತ ಎತ್ತಿಕೊಂಡಿತ್ತು. ಉತ್ತರಗಳೆಲ್ಲ ಬೀಗ ಹಾಕಿದ ಹಳೆಯ ಮನೆಗೆ ತಲುಪುತ್ತಿದ್ದವು. ತಪ್ಪು ನಮ್ಮದೇ. ವಿಎಫ್ ಅನ್ನು ಬರಿಯ ಪಿಸಿಐ ಸಾಧನವಾಗಿ `<hostdev>` ಎಂದು ಕೊಟ್ಟು, ಮ್ಯಾಕ್ ವಿಳಾಸವನ್ನು ಬೂಟ್ ಸ್ಕ್ರಿಪ್ಟ್‌ನಲ್ಲಿ ಕೈಯಾರೆ ಬರೆದಿದ್ದೆವು. `<interface type='hostdev'>` ಎಂದು ಕೊಟ್ಟಿದ್ದರೆ ಕೀಳುವಾಗ ವಿಎಫ್‌ಗೆ ಮೊದಲಿದ್ದ ಮ್ಯಾಕ್ ವಿಳಾಸವನ್ನು ಮರಳಿಸುವ ಕೆಲಸವನ್ನು `virsh` ಹಿಂದಿರುವ ಲಿಬ್‌ವರ್ಟ್ ತಾನೇ ನೋಡಿಕೊಳ್ಳುತ್ತಿತ್ತು.

```
ip link set enp59s0f0 vf 3 mac 00:00:00:00:00:00
virsh migrate --live --persistent nat1 qemu+ssh://h2/system
```

ಮೊದಲ ಸಾಲಿಗೆ ಎಂಟರ್ ಒತ್ತಿದೊಡನೆ ಪಿಂಗ್ ಮರಳಿತು. ಎರಡನೆಯದಕ್ಕೆ ಕೈಹಾಕುವ ಮುನ್ನ ಒಂದು ಅನುಮಾನ ಬಂದು h2ರಲ್ಲಿಯೂ ಇಣುಕಿದೆ. ಅಲ್ಲಿಗೂ ಅದೇ ಬೂಟ್ ಸ್ಕ್ರಿಪ್ಟ್ ನಕಲಾಗಿತ್ತು, ಅಲ್ಲಿನ ವಿಎಫ್ 3 ಕೂಡ ಅದೇ ಮ್ಯಾಕ್ ಹೊತ್ತು ಕುಳಿತಿತ್ತು. ನೋಡದೆ ಸಾಗಿಸಿದ್ದರೆ ವಿಎಂ ಇಲ್ಲಿಂದ ಹೋಗಿ ಅಲ್ಲಿ ಕಿವುಡಾಗುತ್ತಿತ್ತು. ಅದನ್ನೂ ಸೊನ್ನೆ ಮಾಡಿದ ಮೇಲೆಯೇ ಸಾಗಣೆ ಆರಂಭಿಸಿದೆ. ಸಾಗುವಾಗ ಒಂದೇ ಒಂದು ಪಿಂಗ್ ಬಿದ್ದಿತು.

ಆಚೆ ವಿಎಫ್ ಮತ್ತೆ ಕೂಡಿಸುವಾಗ ಹಳೆಯ ಎಕ್ಸ್‌ಎಂಎಲ್ ಕಡತ ನಡೆಯಲಿಲ್ಲ. h1ರಲ್ಲಿ ಅದರ ವಿಳಾಸ `3b:10.6` ಆಗಿತ್ತು. h2ರಲ್ಲಿ ಕಾರ್ಡ್ ಬೇರೆ ಸ್ಲಾಟ್‌ನಲ್ಲಿದ್ದುದರಿಂದ `af:10.6`. ಮ್ಯಾಕ್ ವಿಳಾಸ ಬರೆದ ಕ್ಷಣದಿಂದ ಗೆಸ್ಟ್‌ನ ಡ್ರೈವರ್ ಎದ್ದೇಳುವವರೆಗೆ ಪ್ಯಾಕೆಟ್‌ಗಳು ಮತ್ತೆ ಅನಾಥವಾಗುವುದರಿಂದ ಮ್ಯಾಕ್ ಬರೆಯುವುದು, ವಿಎಫ್ ಕೂಡಿಸುವುದು ಎಂಬ ಈ ಎರಡು ಹೆಜ್ಜೆಗಳನ್ನು ಒಂದೇ ಸ್ಕ್ರಿಪ್ಟ್‌ನಲ್ಲಿ ಬೆನ್ನಿಗೆ ಬೆನ್ನು ಓಡಿಸಿದೆ. ಕೆಲವು ಸೆಕೆಂಡ್ ವಿರಾಮ ತಪ್ಪಲಿಲ್ಲ, ಆದರೆ ಟಿಸಿಪಿ ಮರುಕಳಿಸಿ ಕಳಿಸುವುದರಿಂದ ಸಂಪರ್ಕಗಳು ಕಡಿಯಲಿಲ್ಲ. nat1ರ ಸಂಪರ್ಕಗಳ ಪಟ್ಟಿಯಲ್ಲಿನ ನಮೂದುಗಳು ಹಾಗೆಯೇ ಇದ್ದವು.

ಆಮೇಲೆ ಬಾಂಡ್ ತೆಗೆದು, ಲಿಬ್‌ವರ್ಟ್ 6.1ರಿಂದ ಇರುವ `<teaming>` ವ್ಯವಸ್ಥೆಗೆ ಬದಲಾಯಿಸಿಕೊಂಡೆವು. ಗೆಸ್ಟ್‌ನಲ್ಲಿ `net_failover` ಎರಡು ಕಾರ್ಡ್‌ಗಳನ್ನು ತಾನೇ ಜೋಡಿಸುತ್ತದೆ, ಸಾಗಣೆಯ ಮುನ್ನ ವಿಎಫ್ ಕೀಳುವುದನ್ನೂ ಆಚೆ ಕೂಡಿಸುವುದನ್ನೂ ಕ್ಯೂಎಂಯು ನೋಡಿಕೊಳ್ಳುತ್ತದೆ. ಆದರೂ ಸಾಗಣೆ ಮುಗಿಯುವವರೆಗೆ ಎಲ್ಲ ಹೊರೆಯೂ ಆ ಹಳೆಯ `vhost` ಥ್ರೆಡ್ ಮೇಲೆಯೇ ಬೀಳುತ್ತದೆ. ರಾತ್ರಿ ಒಂಬತ್ತಕ್ಕೆ nat1 ಸಾಗಿಸಬೇಕಾಗಿ ಬಂದರೆ ಅದು ತಾಳುವುದೆಂಬ ಭರವಸೆ ನನಗಿಲ್ಲ. ಡಿಎನ್‌ಎಸ್ ವಿಎಂಗೂ ವಿಎಫ್ ಕೊಡೋಣ ಎಂಬ ಸಲಹೆ ಬಂದಾಗ ಬೇಡವೆಂದೆ. ಅದಕ್ಕೆ ವರ್ಟ್‌ಐಒ ಸಾಕಾಗಿದೆ, ಎಲ್ಲಿಗೆ ಬೇಕಾದರೂ ಹೇಳದೆ ಕೇಳದೆ ಸಾಗುತ್ತದೆ.

ರ‍್ಯಾಮ್ ಪಟ್ಟಿ ಬದಲಾಗಿ h1 ಏಳುವಾಗ ಅಂದು ಬೆಳಿಗ್ಗೆ ಆರೂ ನಲವತ್ತಾಗಿತ್ತು. ಉಳಿದ ವಿಎಂಗಳನ್ನು ಹಿಂದಕ್ಕೆ ತಂದೆವು. nat1 ಮಾತ್ರ h2ರಲ್ಲಿಯೇ ಇದೆ.