ಮ್ಯಾಗ್‌ಸಲ್ಫ್ ಮುಂದಿನ ಡೋಸ್: ಕೊಡೋದಾ, ತಡೆಯೋದಾ?

"ಮೇಡಂ, ನಾಲ್ಕು ಗಂಟೆ ಆಯ್ತು. ರಿಫ್ಲೆಕ್ಸ್ ಇದೆ, ಉಸಿರಾಟ ಚೆನ್ನಾಗಿದೆ, ಆದರೆ ಮೂತ್ರ ಕಮ್ಮಿ. ಮ್ಯಾಗ್‌ಸಲ್ಫ್ ಕೊಡೋದಾ ಬೇಡವಾ? ಕೊಡದೆ ಫಿಟ್ಸ್ ಬಂದುಬಿಟ್ಟರೆ?"

ತಡೆಯಿರಿ. ಸಿರಿಂಜ್ ಕೆಳಗಿಟ್ಟು ಡಾಕ್ಟರಿಗೆ ಹೇಳಿ. ಪ್ರಿಎಕ್ಲಾಂಪ್ಸಿಯಾ ಇರುವ ಬಸುರಿಗೆ ಫಿಟ್ಸ್ ಬರದ ಹಾಗೆ ಕೊಡುವ ಮ್ಯಾಗ್ನೀಸಿಯಂ ಸಲ್ಫೇಟ್ ಬಗ್ಗೆ ಮಿಡ್‌ವೈಫರಿ ಓದುವ ಹುಡುಗಿಯರು ಪ್ರತಿ ಬ್ಯಾಚಿನಲ್ಲೂ ಇದನ್ನು ಕೇಳುತ್ತಾರೆ. ಉತ್ತರ ಚಿಕ್ಕದು, ಆದರೆ ಕಾರಣ ಗೊತ್ತಿಲ್ಲದಿದ್ದರೆ ರಾತ್ರಿ ಡ್ಯೂಟಿಯಲ್ಲಿ ಕೈ ನಡುಗುತ್ತದೆ. ಅದಕ್ಕೇ ಒಬ್ಬ ತಾಯಿಯ ಚಾರ್ಟ್ ಹಿಡಿದುಕೊಂಡು ಹೇಳುತ್ತೇನೆ. ಪಾಠ ಮಾಡುವಾಗಲೂ ನಾನು ಬೋರ್ಡಿನ ಮೇಲೆ ಬರೆಯುವುದು ಇದನ್ನೇ.

ಮೊದಲ ಬಸುರಿ, 35 ವಾರ. ಎರಡು ದಿನದಿಂದ ತಲೆನೋವು, ಮಾತ್ರೆ ನುಂಗಿದರೂ ಹೋಗಿಲ್ಲ. ಬೆಳಿಗ್ಗೆಯಿಂದ ಕಣ್ಣ ಮುಂದೆ ಮಿಂಚು ಹೊಡೆದ ಹಾಗೆ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಅವರು ಅದನ್ನು 'ಗ್ಯಾಸ್' ಅಂದರು. ಬಿಪಿ 164/112. ಮೂತ್ರದಲ್ಲಿ ಪ್ರೋಟೀನ್ 3+. ಮಂಡಿಯ ರಿಫ್ಲೆಕ್ಸ್ ತುಂಬ ಚುರುಕು, ತಟ್ಟಿದ ಕೂಡಲೇ ಕಾಲು ಚಿಮ್ಮುತ್ತಿತ್ತು.

20 ವಾರ ಕಳೆದ ಮೇಲೆ ಬಿಪಿ ಹೊಸದಾಗಿ 140/90 ಅಥವಾ ಜಾಸ್ತಿ ಆಗಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಅಥವಾ ಲಿವರ್, ಕಿಡ್ನಿ, ಮೆದುಳಿಗೆ ತೊಂದರೆಯ ಗುರುತು ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ. ಈ ಮಾತು ನಿಮಗೆ ಬಾಯಿಪಾಠ ಇರುತ್ತದೆ. ತಪ್ಪುವುದು ಬೇರೆ ಕಡೆ. ಮೇಲುಹೊಟ್ಟೆಯ ನೋವನ್ನು ಗ್ಯಾಸ್ ಅಂದುಕೊಳ್ಳುತ್ತೇವೆ, ತಲೆನೋವನ್ನು ನಿದ್ದೆಗೆಟ್ಟಿದ್ದಕ್ಕೆ ಅಂದುಕೊಳ್ಳುತ್ತೇವೆ. ಆ ಮೇಲುಹೊಟ್ಟೆಯ ನೋವು ಲಿವರಿನದ್ದು. ಕಾಲು ಊದಿಕೊಳ್ಳುವುದು ಎಷ್ಟೋ ಬಸುರಿಯರಲ್ಲಿ ಇರುತ್ತದೆ, ಅದೊಂದರಿಂದಲೇ ಏನೂ ಹೇಳಲಾಗದು. ಒಂದೆರಡು ದಿನದಲ್ಲಿ ಮುಖ, ಕೈ ಊದಿಕೊಂಡರೆ ಮಾತ್ರ ಸುಮ್ನೆ ಬಿಡಬೇಡಿ, ಬಿಪಿ ನೋಡಿ.

ಈ ತಾಯಿಗೆ ಡಾಕ್ಟರು ಬಿಪಿ ಇಳಿಸುವ ಔಷಧಿ ಬೇರೆ ಬರೆದರು, ಮ್ಯಾಗ್ನೀಸಿಯಂ ಸಲ್ಫೇಟ್ ಬೇರೆ ಬರೆದರು. ಎರಡೂ ಒಂದೇ ಕೆಲಸ ಮಾಡುವುದಿಲ್ಲ. ಮ್ಯಾಗ್‌ಸಲ್ಫ್ ಫಿಟ್ಸ್ ತಡೆಯುವುದಕ್ಕೆ, ಬಿಪಿಗಲ್ಲ. 'ಬಿಪಿ ಇಳಿದಿದೆ, ಮ್ಯಾಗ್‌ಸಲ್ಫ್ ನಿಲ್ಲಿಸೋಣ' ಅನ್ನುವುದು ತಪ್ಪು. 'ಬಿಪಿ ಏರಿದೆ, ಇನ್ನೊಂದು ಡೋಸ್ ಹಾಕೋಣ' ಅನ್ನುವುದೂ ತಪ್ಪು.

ಬೆಳಿಗ್ಗೆ 10ಕ್ಕೆ ಲೋಡಿಂಗ್ ಡೋಸ್. ನಮ್ಮಲ್ಲಿದ್ದ ಆಂಪೂಲ್ 50 ಪರ್ಸೆಂಟ್, 2 ಎಂಎಲ್‌ನಲ್ಲಿ 1 ಗ್ರಾಂ. ನಾಲ್ಕು ಆಂಪೂಲ್, ಅಂದರೆ 8 ಎಂಎಲ್ ಎಳೆದು, ಅದಕ್ಕೆ 12 ಎಂಎಲ್ ನಾರ್ಮಲ್ ಸಲೈನ್ ಸೇರಿಸಿದರೆ 20 ಎಂಎಲ್‌ನಲ್ಲಿ 4 ಗ್ರಾಂ ಆಯಿತು. ಅದನ್ನು ರಕ್ತನಾಳಕ್ಕೆ ನಿಧಾನವಾಗಿ, 5ರಿಂದ 20 ನಿಮಿಷದಲ್ಲಿ ಕೊಡಬೇಕು. ಆಮೇಲೆ ಎರಡೂ ಪಿರ್ರೆಗಳಿಗೆ 5 ಗ್ರಾಂನಂತೆ ಆಳವಾದ ಇಂಜೆಕ್ಷನ್. ಒಟ್ಟು 14 ಗ್ರಾಂ. ಅಲ್ಲಿಂದ ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಒಂದು ಸಲ ಈ ಕಡೆ, ಇನ್ನೊಂದು ಸಲ ಆ ಕಡೆ. ರಕ್ತನಾಳದಲ್ಲೇ ಗಂಟೆಗೆ 1 ಗ್ರಾಂ ಹರಿಸುವ ಕ್ರಮವೂ ಇದೆ. ಪಂಪ್ ಇರುವ ಕಡೆ ಅದನ್ನೇ ಬಳಸುತ್ತಾರೆ. ಆಂಪೂಲಿನ ಲೇಬಲ್ ಓದದೆ ಲೆಕ್ಕ ಮಾಡಬೇಡಿ, ಎಲ್ಲ ಕಂಪನಿಯದ್ದೂ ಒಂದೇ ಬಲ ಇರುವುದಿಲ್ಲ.

ಮಧ್ಯಾಹ್ನ 2 ಗಂಟೆ. ಎರಡನೇ ವರ್ಷದ ಹುಡುಗಿ 5 ಗ್ರಾಂ ಎಳೆದು ರೆಡಿ ಮಾಡಿಕೊಂಡು ಬಂದಳು. ಬಿಪಿ 146/96. ಉಸಿರು ನಿಮಿಷಕ್ಕೆ 18. ರಿಫ್ಲೆಕ್ಸ್ 'ಇದೆ' ಅಂತ ಬರೆದಿದ್ದಳು. ಮೂತ್ರ ಗಂಟೆಗಂಟೆಗೆ 25, 20, 15, 20 ಎಂಎಲ್. ನಾಲ್ಕು ಗಂಟೆಗೆ ಒಟ್ಟು 80. ಬೇಕಾಗಿದ್ದು ಗಂಟೆಗೆ 30ರಂತೆ ಕನಿಷ್ಠ 120.

"ಮೂರರಲ್ಲಿ ಎರಡು ಸರಿ ಇದೆಯಲ್ಲಾ ಮೇಡಂ?" ಅಂದಳು. ಇಲ್ಲೇ ಎಲ್ಲರೂ ಎಡವುವುದು. ಇದು ವೋಟ್ ಹಾಕಿದ ಹಾಗಲ್ಲ. ಒಂದು ತಪ್ಪಿದರೂ ಡೋಸ್ ನಿಲ್ಲಬೇಕು. ಯಾಕೆಂದರೆ ಮೂರೂ ಒಂದೇ ವಿಷಯವನ್ನು ಹೇಳುವುದಿಲ್ಲ.

ಮ್ಯಾಗ್ನೀಸಿಯಂ ದೇಹದಿಂದ ಹೊರಗೆ ಹೋಗುವುದು ಕಿಡ್ನಿಯ ದಾರಿಯಲ್ಲಿ. ಮೂತ್ರ ಕಮ್ಮಿ ಆದರೆ ಔಷಧಿ ಒಳಗೇ ಉಳಿಯುತ್ತದೆ. ಅದರ ಮೇಲೆ ಹೊಸ ಡೋಸ್ ಹಾಕಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತಾ ಹೋಗುತ್ತದೆ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ಮಂಕಾಗುತ್ತದೆ. ಆಗ ಮೊದಲು ಹೋಗುವುದು ಮಂಡಿಯ ರಿಫ್ಲೆಕ್ಸ್. ಇನ್ನೂ ಏರಿದರೆ ಉಸಿರಾಟ ಸೋಲುತ್ತದೆ. ಅದನ್ನೂ ದಾಟಿದರೆ ಹೃದಯ ನಿಲ್ಲುತ್ತದೆ. ಅಂದರೆ ಮೂತ್ರ ಮುಂದೆ ಆಗಲಿರುವುದನ್ನು ಹೇಳುತ್ತದೆ, ರಿಫ್ಲೆಕ್ಸ್ ಈಗ ಆಗುತ್ತಿರುವುದನ್ನು ಹೇಳುತ್ತದೆ, ಉಸಿರಾಟ ತಡವಾಗಿ ಹೇಳುತ್ತದೆ. ಉಸಿರು ಚೆನ್ನಾಗಿದೆ ಅನ್ನುವ ಧೈರ್ಯದ ಮೇಲೆ ಡೋಸ್ ಕೊಟ್ಟರೆ, ಮೊದಲು ಸಿಕ್ಕ ಎರಡು ಎಚ್ಚರಿಕೆಗಳನ್ನೂ ಕೈಬಿಟ್ಟ ಹಾಗೆ.

ಇನ್ನು ಆ ಭಯ: ಕೊಡದಿದ್ದರೆ ಫಿಟ್ಸ್ ಬಂದರೆ? ಮೂತ್ರ ಕಮ್ಮಿ ಇರುವಾಗ ಹಳೇ ಡೋಸ್ ದೇಹದಲ್ಲೇ ಇದೆ ಅಲ್ವಾ? ತಾಯಿಯನ್ನು ಕಾಯುತ್ತಿರುವುದೂ ಅದೇ. ತಡೆದ ಮಾತ್ರಕ್ಕೆ ರಕ್ಷಣೆ ಥಟ್ಟನೆ ಇಲ್ಲವಾಗುವುದಿಲ್ಲ. ಹಾಗಿದ್ದೂ ಫಿಟ್ಸ್ ಬಂದರೆ ಡಾಕ್ಟರು ರಕ್ತನಾಳಕ್ಕೆ 2 ಗ್ರಾಂ ಕೊಡಿಸುತ್ತಾರೆ. ಅದನ್ನೂ ಆ ಹೊತ್ತಿನ ಉಸಿರು, ರಿಫ್ಲೆಕ್ಸ್ ನೋಡಿಯೇ.

ನಾವಿಬ್ಬರೂ ಮತ್ತೆ ಹಾಸಿಗೆ ಹತ್ತಿರ ಹೋದೆವು. 'ರಿಫ್ಲೆಕ್ಸ್ ಇದೆ' ಅನ್ನುವ ಬರಹ ನನಗೆ ಸಾಕಾಗಲಿಲ್ಲ. ಎಷ್ಟಿದೆ, ಮೊದಲಿಗಿಂತ ಹೇಗಿದೆ ಅನ್ನುವುದು ಬೇಕು. ತಾಯಿಯ ಮಂಡಿಯ ಕೆಳಗೆ ನನ್ನ ತೋಳು ಹಾಕಿ ಎತ್ತಿದೆ. ಕಾಲು ಪೂರ್ತಿ ಸಡಿಲ ಬಿಡಬೇಕು, ಹಿಮ್ಮಡಿ ಹಾಸಿಗೆಗೆ ಸುಮ್ಮನೆ ತಾಗಿರಬೇಕು. ಮಂಡಿಚಿಪ್ಪಿನ ಸ್ವಲ್ಪ ಕೆಳಗೆ ತಟ್ಟಿ, ಪಾದ ನೋಡುವ ಬದಲು ತೊಡೆಯ ಮೇಲೆ ಕಣ್ಣಿಡಬೇಕು. ಚಿಕ್ಕ ಅಲುಗಾಟ ಮೊದಲು ಅಲ್ಲೇ ಕಾಣುತ್ತದೆ. ಬರಲಿಲ್ಲ ಅಂದರೆ ಎರಡೂ ಕೈ ಬೆರಳು ಕೊಂಡಿ ಹಾಕಿ ಎಳೆಯಲು ಹೇಳಿ ಇನ್ನೊಮ್ಮೆ ತಟ್ಟಿ. ಬೆಳಿಗ್ಗೆ ಚಿಮ್ಮಿದ್ದ ಕಾಲು ಈಗ ಮಂದವಾಗಿ ಅಲುಗಿತು. ಎಪಿಡ್ಯೂರಲ್ ಕೊಟ್ಟವರಲ್ಲಿ ಮಂಡಿಯನ್ನು ನಂಬಬೇಡಿ, ಮೊಣಕೈಯಲ್ಲಿ ನೋಡಿ.

ಕ್ಯಾತಿಟರ್ ಟ್ಯೂಬ್ ಮಡಚಿಕೊಂಡಿರಲಿಲ್ಲ, ಮೂತ್ರಕೋಶವೂ ತುಂಬಿರಲಿಲ್ಲ. ಅಂದರೆ ಕಮ್ಮಿ ಬಂದಿದ್ದು ನಿಜ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿದೆವು, 16 ಬಂತು. ಅವಳು ಬರೆದಿದ್ದ 18 ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದ್ದಾಗಿರಲಾರದು, ಯಾಕೆಂದರೆ 18 ನಾಲ್ಕರ ಮಗ್ಗಿಯಲ್ಲಿ ಬರುವುದಿಲ್ಲ. ಮೇಲಿನ ಸಾಲಿನಲ್ಲಿದ್ದ 18 ಹಾಗೇ ಕೆಳಗೆ ಇಳಿದಿತ್ತು. ಚಾರ್ಟಿನಲ್ಲಿ ಗಂಟೆಗಂಟೆಗೂ ಒಂದೇ ಅಂಕಿ ಕಂಡರೆ ನಾನು ಹೋಗಿ ಎಣಿಸುತ್ತೇನೆ. ನೀವೂ ಎಣಿಸಿ. 16 ನಮ್ಮ ಗೆರೆ. ಕೆಲವು ಕಡೆ 12 ಅಂತ ಇರುತ್ತದೆ, ನಿಮ್ಮಲ್ಲಿ ಗೋಡೆಗೆ ಅಂಟಿಸಿದ ಪ್ರೋಟೋಕಾಲ್ ಏನು ಹೇಳುತ್ತದೋ ಅದನ್ನು ಪಾಲಿಸಿ.

ಡಾಕ್ಟರು ಡೋಸ್ ತಡೆಯಲು ಹೇಳಿದರು, ಕಿಡ್ನಿ ಟೆಸ್ಟಿಗೆ ರಕ್ತ ಕಳಿಸಿದರು. ಮೂತ್ರ ಬರಲಿ ಅಂತ ಬಾಟಲಿ ಮೇಲೆ ಬಾಟಲಿ ಏರಿಸುವುದು ಇನ್ನೊಂದು ತಪ್ಪು. ಈ ತಾಯಂದಿರಲ್ಲಿ ರಕ್ತನಾಳದಿಂದ ನೀರು ಸೋರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಒಳಗೆ ಹೋಗುವ ನೀರನ್ನು ಎಲ್ಲ ಸೇರಿ ಗಂಟೆಗೆ 80 ಎಂಎಲ್ ಆಸುಪಾಸಿಗೆ ನಿಲ್ಲಿಸಿದೆವು. 3 ಗಂಟೆಗೆ 40 ಎಂಎಲ್ ಬಂತು, 4ಕ್ಕೆ 50. ಈಗ ಹಿಂದಿನ ನಾಲ್ಕು ಗಂಟೆ ಕೂಡಿಸಿ: 15, 20, 40, 50. ಒಟ್ಟು 125. ರಿಫ್ಲೆಕ್ಸ್ ಸ್ಪಷ್ಟ, ಉಸಿರು 17. ಡಾಕ್ಟರಿಗೆ ಹೇಳಿ, 4 ಗಂಟೆಗೆ ಡೋಸ್ ಕೊಟ್ಟೆವು. ಮುಂದಿನದು 8ಕ್ಕೆ, 6ಕ್ಕಲ್ಲ.

ಅಷ್ಟು ಹೊತ್ತೂ ಹಾಸಿಗೆ ಪಕ್ಕದ ಟ್ರೇನಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಇತ್ತು. 10 ಪರ್ಸೆಂಟಿನದ್ದು 10 ಎಂಎಲ್, ಅಂದರೆ 1 ಗ್ರಾಂ. ಉಸಿರು ಬೀಳತೊಡಗಿದರೆ ಮ್ಯಾಗ್‌ಸಲ್ಫ್ ನಿಲ್ಲಿಸಿ, ಸಹಾಯಕ್ಕೆ ಕೂಗಿ, ಆಂಬು ಬ್ಯಾಗಿನಿಂದ ಉಸಿರು ಕೊಡುತ್ತಾ ಇದನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಡಬೇಕು. ಸ್ಟೋರಿನ ಬೀಗದ ಹಿಂದೆ ಇದ್ದರೆ ಇದ್ದೂ ಇಲ್ಲದ ಹಾಗೆ.

ರಾತ್ರಿ 1 ಗಂಟೆಗೆ ಹೆರಿಗೆ. ಆಕ್ಸಿಟೋಸಿನ್ ಕೊಟ್ಟೆವು. ಬಿಪಿ ಏರಿಸುವ ಎರ್ಗೊಮೆಟ್ರಿನ್ ಇಂಥವರಿಗೆ ಕೊಡಬಾರದು. ಮ್ಯಾಗ್‌ಸಲ್ಫ್ ಮಾರನೆಯ ರಾತ್ರಿ 1ರ ತನಕ ಮುಂದುವರಿಯಿತು. ಹೆರಿಗೆ ಅಥವಾ ಕೊನೆಯ ಫಿಟ್ಸ್, ಯಾವುದು ಆಮೇಲೆ ಆಯಿತೋ ಅಲ್ಲಿಂದ 24 ಗಂಟೆ.

ತಾಯಿಗೆ ಹೇಳುವ ಮಾತು ಬಿಡುಗಡೆಯ ದಿನಕ್ಕೆ ಕಾಯಬಾರದು. ಮೊದಲ ಇಂಜೆಕ್ಷನ್‌ಗೆ ಮುಂಚೆ ನಾನು ಹೇಳಿದ್ದು ಇಷ್ಟು: "ಅಮ್ಮಾ, ಇದು ಫಿಟ್ಸ್ ಬರದ ಹಾಗೆ ಕೊಡೋ ಔಷಧಿ. ಮೈಯೆಲ್ಲ ಬಿಸಿ ಆದ ಹಾಗೆ ಅನ್ನಿಸುತ್ತೆ, ವಾಕರಿಕೆ ಬರಬಹುದು. ಹೆದರಬೇಡಿ. ಆದರೆ ರೆಪ್ಪೆ ಭಾರ ಆದ್ರೆ, ಎರಡೆರಡು ಕಂಡ್ರೆ, ಮಾತು ತೊದಲಿದ್ರೆ, ಉಸಿರು ಕಷ್ಟ ಅನ್ನಿಸಿದ್ರೆ ತಕ್ಷಣ ಕರೀರಿ." ಹೀಗೆ ಹೇಳಿದರೆ ತಾಯಿಯೇ ಇನ್ನೊಂದು ಜೊತೆ ಕಣ್ಣಾಗುತ್ತಾರೆ.

ಮನೆಗೆ ಕಳಿಸುವಾಗ ತಾಯಿಯ ಜೊತೆ ಅವರನ್ನು ನೋಡಿಕೊಳ್ಳುವವರೂ ಕೂತಿರಲಿ. ಮಗು ಹುಟ್ಟಿದ ಮೇಲೆ ಕಾಯಿಲೆ ಮುಗಿಯಿತು ಅಂತ ಮನೆಯವರು ನಂಬಿರುತ್ತಾರೆ. ಆದರೆ ಹೆರಿಗೆಯಾದ 3ರಿಂದ 6ನೇ ದಿನದಲ್ಲಿ ಬಿಪಿ ಮತ್ತೆ ಏರುವುದುಂಟು, ಆ ಹೊತ್ತಿಗೆ ಬಾಣಂತಿ ಮನೆಯಲ್ಲಿರುತ್ತಾರೆ. ಆ ವಾರದಲ್ಲಿ ಬಿಪಿ ಎಲ್ಲಿ, ಯಾವ ದಿನ ನೋಡಿಸಬೇಕು ಅಂತ ಚೀಟಿಯಲ್ಲಿ ಬರೆದುಕೊಡಿ. ಫಿಟ್ಸ್ ಬಂದರೆ ಎಡಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ತರಬೇಕು ಅಂತ ಮನೆಯವರಿಗೆ ಹೇಳಿ. ಮುಂದಿನ ಬಸುರಿನಲ್ಲಿ ಮೊದಲ ಭೇಟಿಯಲ್ಲೇ ಈ ವಿಷಯ ಹೇಳಬೇಕು, ಡಾಕ್ಟರು 12 ವಾರದ ಹೊತ್ತಿಗೆ ಕಮ್ಮಿ ಡೋಸಿನ ಆಸ್ಪಿರಿನ್ ಶುರು ಮಾಡಬಹುದು. ಆ ತಾಯಿ "ನಾನು ಏನು ತಿಂದು ಹೀಗಾಯ್ತು?" ಅಂತ ಕೇಳಿದರು. ಏನೂ ತಿಂದು ಆದದ್ದಲ್ಲ, ನೀವು ಮಾಡಿದ್ದರಿಂದ ಬಂದಿದ್ದಲ್ಲ ಅಂದೆ. ಆ ಮಾತನ್ನು ಎರಡು ಸಲ ಹೇಳಿಸಿಕೊಂಡರು.

ಕೊನೆಗೆ "ಅರ್ಥ ಆಯ್ತಾ?" ಅಂತ ನಾನು ಕೇಳುವುದಿಲ್ಲ, ಎಲ್ಲರೂ ಹೂಂ ಅನ್ನುತ್ತಾರೆ. "ಮನೆಗೆ ಹೋದ ಮೇಲೆ ಏನೇನು ಕಂಡರೆ ವಾಪಸ್ ಬರ್ತೀರಿ, ಹೇಳಿ ನೋಡೋಣ" ಅನ್ನುತ್ತೇನೆ. ಆ ತಾಯಿ ತಲೆನೋವು ಹೇಳಿದರು, ಕಣ್ಣಿನ ಮಿಂಚು ಹೇಳಿದರು, ನಿಂತರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಅವರ ಅಮ್ಮ, ಬಲಪಕ್ಕೆಯ ಕೆಳಗೆ ತಮ್ಮದೇ ಕೈ ಇಟ್ಟು ತೋರಿಸಿ, "ಮತ್ತೆ ಇಲ್ಲಿ ನೋವು. ಗ್ಯಾಸ್ ಅನ್ಕೋಬಾರದು" ಅಂದರು.